ಭಾವನ ಮೂಗು ಮತ್ತು ದ್ರಾಕ್ಷಿಯ ಶ್ರಬ್

ನಮ್ಮ ಭಾವನ ಎಡಗೈ ಮಣಿಕಟ್ಟಿನ ಮೇಲೆ ಒಂದು ಹನಿಯಾಗಿ ಬೀಳದೆ ಈ ಊರಿನ ಯಾವ ದ್ರವಕ್ಕೂ ಮುಕ್ತಿಯಿಲ್ಲ ಎಂಬುದು ಲೋಕಪ್ರಸಿದ್ಧ ಸಂಗತಿ. ಲೋಕವೆಂದರೆ ಇಲ್ಲಿ ಹನ್ನೊಂದು ಮೇಜುಗಳ ಒಂದು ಬಾರು ಮತ್ತು ನಮ್ಮ ಅಕ್ಕನ ಅಡಿಗೆಮನೆ, ಅಷ್ಟೇ. ಆದರೆ ಕೀರ್ತಿಗೆ ಅಷ್ಟು ಜಾಗ ಧಾರಾಳವಾಗಿ ಸಾಕು. ಭಾವ ಏನನ್ನೂ ಲೋಟದಿಂದ ನೇರವಾಗಿ ಕುಡಿದವನಲ್ಲ. ಮೊದಲು ಮಣಿಕಟ್ಟಿನ ಮೇಲೆ ಒಂದು ಹನಿ, ಮೂರು ಉಸಿರು ಕಾಯುವುದು, ಮೂಗಿನ ಹತ್ತಿರ ತರುವುದು, ಕಣ್ಣು ಮುಚ್ಚುವುದು, ಆಮೇಲೆ ನಾಲಿಗೆ. ಮೈಯ ಬಿಸಿಗೆ ಹನಿ ಬೆಚ್ಚಗಾಗಿ ವಾಸನೆ ಬಿಚ್ಚಿಕೊಳ್ಳುತ್ತದೆ ಎಂಬುದು ಆತನ ಸಿದ್ಧಾಂತ. ಈ ಸಿದ್ಧಾಂತಕ್ಕೆ ಆತ ಕಾಫಿ, ಹಾಲು, ನಲ್ಲಿ ನೀರು, ಕಣ್ಣಿಗೆ ಬಿಡುವ ಔಷಧಿ, ಒಮ್ಮೆ ಪಕ್ಕದ ಮನೆಯವರ ಗೋಡೆಯ ಬಣ್ಣ, ಇಷ್ಟನ್ನೂ ಒಳಪಡಿಸಿದ್ದಾನೆ. ಅಕ್ಕನನ್ನು ನೋಡಲು ಬಂದ ದಿನ ನಮ್ಮಮ್ಮ ಕೊಟ್ಟ ಪಾನಕವನ್ನೂ ಹನಿ ಹಾಕಿಕೊಂಡು ಮೂಸಿ, "ನಿಂಬೆಹಣ್ಣು ನಿನ್ನೆ ಕೊಯ್ದಿದ್ದು" ಎಂದು ತೀರ್ಪು ಕೊಟ್ಟಾಗ ಹೆಣ್ಣಿನ ಕಡೆಯವರಾದ ನಾವು ಬೆವೆತುಹೋದೆವು. ಅದು ನಿಜವಾಗಿಯೂ ಹಿಂದಿನ ದಿನವೇ ಕೊಯ್ದ ಹಣ್ಣು.

ಎಡಗೈ ಹೀಗೆ ಸಾರ್ವಜನಿಕ ಸೇವೆಗೆ ಮೀಸಲಾದ್ದರಿಂದ ವಾಚು ಬಲಗೈಗೆ ವರ್ಗವಾಯಿತು. ಬಾರಿನ ಗಿರಾಕಿಗಳು ಆತನಿಗೆ "ಮಣಿಕಟ್ಟು" ಎಂದೇ ಹೆಸರಿಟ್ಟರು. "ಮಣಿಕಟ್ಟು ಏನಂತೆ?" ಎಂದು ಕೇಳದೆ ಹಳೆಯ ಗಿರಾಕಿಗಳು ಹೊಸ ಲೋಟಕ್ಕೆ ಕೈ ಹಾಕುತ್ತಿರಲಿಲ್ಲ.

ಇಪ್ಪತ್ತನಾಲ್ಕು ವರ್ಷ ಭಾವ ಆ ಬಾರಿನ ಕಟ್ಟೆಯ ಹಿಂದೆ ನಿಂತು ಪಾನೀಯ ಬೆರೆಸಿದ್ದಾನೆ. ಬೆರೆಸುವವರು ಎಲ್ಲ ಬಾರಿನಲ್ಲೂ ಇರುತ್ತಾರೆ, ಅದರಲ್ಲೇನು ಹೆಚ್ಚುಗಾರಿಕೆ? ಹೆಚ್ಚುಗಾರಿಕೆ ಇದ್ದದ್ದು ಆತನ ಬೆನ್ನ ಹಿಂದಿನ ಒಂದು ಕಪಾಟಿನಲ್ಲಿ. ಕೈಬರಹದ ಚೀಟಿ ಅಂಟಿಸಿದ ಹನ್ನೆರಡು ಗಾಜಿನ ಬಾಟಲಿಗಳು. ಶುಂಠಿ ಸಿರಪ್, ದಾಲ್ಚಿನ್ನಿ ಸಿರಪ್, ಕಿತ್ತಳೆ ಸಿಪ್ಪೆಯನ್ನು ಸಕ್ಕರೆಯಲ್ಲಿ ಉಜ್ಜಿ ರಾತ್ರಿಯಿಡೀ ಬಿಟ್ಟು ಅದರ ಎಣ್ಣೆಯನ್ನೆಲ್ಲ ಸಕ್ಕರೆಗೇ ಇಳಿಸಿದ ಸಿರಪ್. ಇವುಗಳ ಜೊತೆಗೆ ಶ್ರಬ್ ಎಂಬ ಜಾತಿ. ಹಣ್ಣು, ಸಕ್ಕರೆ, ವಿನೆಗರ್ ಮೂರೂ ಸೇರಿ ಆಗುವ ಹುಳಿ ಪಾಕಕ್ಕೆ ಆ ಹೆಸರು. ಬರೀ ಮದ್ಯಕ್ಕೆ ಸೋಡಾ ಸುರಿದರೆ ಅದು ಒಂದೇ ಮಾತನ್ನು ಒಂದೇ ದನಿಯಲ್ಲಿ ಹೇಳುತ್ತದೆ. ಅದಕ್ಕೆ ಇಪ್ಪತ್ತು ಎಂ.ಎಲ್. ಶ್ರಬ್ ಬಿದ್ದರೆ ಮೊದಲು ಹುಳಿ, ಹಿಂದೆ ಹಣ್ಣು, ಕೊನೆಗೆ ಗಂಟಲಲ್ಲಿ ಏನೋ ಒಂದು ಹೆಸರಿಲ್ಲದ ಹಳೆಯ ನೆನಪು, ಹೀಗೆ ಮೆಟ್ಟಿಲಿಳಿದು ಹೋಗುತ್ತದೆ. ಭಾವನ ಕಪ್ಪು ದ್ರಾಕ್ಷಿ ಮತ್ತು ಮೆಣಸಿನ ಶ್ರಬ್ಬಂತೂ ಜಿನ್ ಜೊತೆ ಸೇರಿದಾಗ ಕಡುಜಿಪುಣರೂ ಎರಡನೆಯ ಲೋಟಕ್ಕೆ ಕೈ ಎತ್ತುತ್ತಿದ್ದರು.

ಇದೆಲ್ಲ ತಯಾರಾಗುತ್ತಿದ್ದದ್ದು ಬಾರಿನಲ್ಲಲ್ಲ, ಅಕ್ಕನ ಅಡಿಗೆಮನೆಯಲ್ಲಿ. ಫ್ರಿಜ್ಜಿನ ಮೂರು ಅಂತಸ್ತಿನಲ್ಲಿ ಎರಡು ಭಾವನವು. ಹಾಲಿನ ಪಾತ್ರೆ ಬಾಡಿಗೆದಾರನಂತೆ ಬಾಗಿಲ ಬಳಿ ನಿಂತಿರುತ್ತಿತ್ತು. ಅಕ್ಕ ಒಂದು ತೊಟ್ಟು ಮದ್ಯ ಮುಟ್ಟಿದವಳಲ್ಲ, ಮುಟ್ಟುವವಳೂ ಅಲ್ಲ. ಆದರೆ ಸೋಸುವ ಬಟ್ಟೆ ಒಗೆಯುವುದು, ಬಾಟಲಿಗಳನ್ನು ಕುದಿನೀರಿನಲ್ಲಿ ಅದ್ದುವುದು ಎಲ್ಲ ಅವಳದೇ. "ನಿಮ್ಮ ಭಾವನ್ನ ಕಟ್ಕೊಂಡಿದ್ದಲ್ಲ ಕಣೋ, ಒಂದು ಸಣ್ಣ ಕಾರ್ಖಾನೇನ ಕಟ್ಕೊಂಡೆ" ಎನ್ನುತ್ತಿದ್ದಳು.

ಆ ಕಾರ್ಖಾನೆಗೂ ಒಂದು ಸಂವಿಧಾನವಿತ್ತು. ಒಂದನೆಯ ವಿಧಿ: ವಿನೆಗರ್ ಅಲ್ಯೂಮಿನಿಯಂ ಪಾತ್ರೆಗೆ ಬೀಳಕೂಡದು, ಗಾಜು, ಇಲ್ಲವೇ ಒಳ್ಳೆಯ ಸ್ಟೀಲು. ಎರಡನೆಯ ವಿಧಿ: ಎಲ್ಲವೂ ತೂಕದಲ್ಲಿ, ಕಣ್ಣಳತೆ ನಿಷಿದ್ಧ. ಮೂರನೆಯದು ಮತ್ತು ಅತಿ ಕಠಿಣವಾದದ್ದು: ವಿನೆಗರ್ ಬೆರೆಸಿದ ಮೇಲೆ ಎಂಟು ದಿನ ಯಾರೂ ಅದಕ್ಕೆ ಬಾಯಿ ಹಾಕಕೂಡದು. ಹೊಸ ಶ್ರಬ್ ಹೊಸ ನೆಂಟನಂತೆ. ಮೊದಲ ದಿನ ಚುಚ್ಚಿ ಚುಚ್ಚಿ ಮಾತಾಡುತ್ತದೆ, ಒಂದು ವಾರ ಬಿಟ್ಟರೆ ತಾನೇ ಹದಕ್ಕೆ ಬರುತ್ತದೆ. ಒಮ್ಮೆ ನಾನು ಎರಡನೆಯ ದಿನ ಚಮಚ ಅದ್ದಲು ಹೋಗಿ ಕೈಮೇಲೆ ಸೌಟಿನೇಟು ತಿಂದಿದ್ದೇನೆ. ಎಂಟು ದಿನ ಆದ ಮೇಲೂ ಅದನ್ನು ಹಾಗೇ ನೆಕ್ಕಿ ತೀರ್ಪು ಕೊಡುವಂತಿಲ್ಲ. ಚಮಚದಲ್ಲಿ ಅದು ಮುಖ ಕಿವುಚುವಷ್ಟು ಹುಳಿಯಾಗಿರಲೇಬೇಕು. ಮದ್ಯ, ಮಂಜುಗಡ್ಡೆ, ಸೋಡಾ ಎಲ್ಲ ಸೇರಿ ತೆಳ್ಳಗೆ ಮಾಡಿದಾಗಲೂ ಅದರ ರುಚಿ ನಿಲ್ಲಬೇಕಲ್ಲ!

ಇಂಥ ಸಂವಿಧಾನ ಬರೆದ ಮಹಾಪುರುಷನ ಮೂಗು ಹೋದದ್ದು ಒಂದು ಸಾಮಾನ್ಯ ಜ್ವರದಲ್ಲಿ. ಐದು ದಿನದ ಜ್ವರ. ಜ್ವರ ಬಂದ ದಾರಿಗೆ ಸುಂಕವಿಲ್ಲ ಎಂದು ಹೋಗದೆ, ಹೋಗುವಾಗ ಮೂಗನ್ನು ಜೊತೆಗೇ ಕರೆದುಕೊಂಡು ಹೋಯಿತು.

ಅದು ಗೊತ್ತಾದ ಬಗೆ ಹೀಗೆ. ಒಂದು ಭಾನುವಾರ ನಾನು ಅಕ್ಕನ ಮನೆ ಮೆಟ್ಟಿಲು ಹತ್ತುತ್ತಿದ್ದೆ. ಕೆಳಗಿನ ಮಹಡಿಗೇ ಸುಟ್ಟ ಸಕ್ಕರೆಯ ಕಮಟು ಹೊಡೆಯುತ್ತಿತ್ತು. ಅಕ್ಕ ತಾರಸಿಯಲ್ಲಿ ಬಟ್ಟೆ ಒಣಗಿಸುತ್ತಿದ್ದವಳು ನನಗಿಂತ ಮುಂಚೆ ಓಡಿ ಬಂದಳು. ಒಳಗೆ ನೋಡಿದರೆ ಒಲೆಯ ಮೇಲಿನ ದಾಲ್ಚಿನ್ನಿ ಸಿರಪ್ ಕರಿ ಡಾಂಬರಾಗಿ ಹೊಗೆಯಾಡುತ್ತಿದೆ, ಒಂದೇ ಮಾರು ದೂರದಲ್ಲಿ ನಮ್ಮ ಭಾವ ಬೆನ್ನು ಹಾಕಿ ಕುಳಿತು ಬಾಟಲಿ ಚೀಟಿಗಳ ಮೇಲೆ ಮುದ್ದಾದ ಅಕ್ಷರದಲ್ಲಿ ತಾರೀಕು ಬರೆಯುತ್ತಿದ್ದಾನೆ.

"ರೀ! ಮನೆಗೆ ಬೆಂಕಿ ಬಿದ್ರೂ ಅಕ್ಷರ ದುಂಡಗೇ ಬರೀತೀರಾ?" ಎಂದಳು ಅಕ್ಕ.

ಭಾವ ಪಾತ್ರೆ ನೋಡಿದ. ಹೊಗೆಯೊಳಗೆ ಮುಖ ಇಟ್ಟು ಎಳೆದುಕೊಂಡ. ಕೆಮ್ಮಿದ. "ಕಣ್ಣು ಉರೀತಿದೆ. ವಾಸನೆ ಬರ್ತಿಲ್ವಲ್ಲೇ" ಎಂದ.

ಮೂಗಿನ ಡಾಕ್ಟರು ಒಳಗೆಲ್ಲ ಲೈಟು ಬಿಟ್ಟು ನೋಡಿ, ಕೆಲವರಿಗೆ ತಿಂಗಳುಗಳಲ್ಲಿ ವಾಪಸು ಬರುತ್ತದೆ, ಕೆಲವರಿಗೆ ಬರುವುದಿಲ್ಲ, ದಿನಾ ಎರಡು ಹೊತ್ತು ನಾಲ್ಕು ಬಗೆಯ ವಾಸನೆಗಳನ್ನು ಗಮನವಿಟ್ಟು ಮೂಸಿ ಎಂದರು. ಭಾವ ಅದನ್ನೂ ಶಾಸ್ತ್ರೋಕ್ತವಾಗಿ ಶುರು ಮಾಡಿದ. ಲವಂಗ, ನಿಂಬೆ, ಗುಲಾಬಿ, ನೀಲಗಿರಿ ಎಣ್ಣೆ. ನಾಲ್ಕು ಪುಟ್ಟ ಸೀಸೆಗಳು ಸಾಲಾಗಿ. ಬೆಳಗ್ಗೆ ಕಿಟಕಿ ಬಳಿ ಕುಳಿತು ಒಂದೊಂದನ್ನೂ ಇಪ್ಪತ್ತು ಎಣಿಸುವವರೆಗೆ ಮೂಸುವುದು, ಆ ವಾಸನೆ ಹೇಗಿತ್ತೆಂದು ನೆನಪಿಸಿಕೊಳ್ಳುವುದು. ಅಕ್ಕ ಬಾಗಿಲಲ್ಲಿ ನಿಂತು, "ಬಂತೇನ್ರೀ?" ಎನ್ನುವುದು. ಭಾವ, "ನೀಲಗಿರಿ ತಣ್ಣಗೆ ಚುಚ್ತು" ಎನ್ನುವುದು. ಚುಚ್ಚುವುದು ವಾಸನೆಯಲ್ಲ, ಬರೀ ಚುಚ್ಚು ಎಂದು ಡಾಕ್ಟರು ಆಮೇಲೆ ಹೇಳಿದರು. ಎಂಟು ತಿಂಗಳು ಈ ಸಂಭಾಷಣೆ ಒಂದು ಅಕ್ಷರವೂ ಬದಲಾಗದೆ ನಡೆಯಿತು.

ಬಾರಿನಲ್ಲಿ ಈ ಸುದ್ದಿ ಯಾರಿಗೂ ಗೊತ್ತಿರಲಿಲ್ಲ. ಭಾವ ಮಣಿಕಟ್ಟಿನ ಮೇಲೆ ಹನಿ ಹಾಕಿಕೊಳ್ಳುತ್ತಲೇ ಇದ್ದ, ಕಣ್ಣು ಮುಚ್ಚುತ್ತಲೇ ಇದ್ದ, ಗಿರಾಕಿಗಳು ಉಸಿರು ಬಿಗಿ ಹಿಡಿಯುತ್ತಲೇ ಇದ್ದರು. ಮೊದಮೊದಲು ಜ್ವರಕ್ಕೆ ಮುಂಚೆ ಮಾಡಿಟ್ಟ ಬಾಟಲಿಗಳು ಮಾನ ಕಾದವು. ಅವು ಮುಗಿದ ಮೇಲೆ ಹೊಸವು ಆಗಬೇಕಲ್ಲ? ಆಗ ಅಕ್ಕನ ನಾಲಿಗೆಗೆ ಪದೋನ್ನತಿಯಾಯಿತು.

ನಾನು ನನ್ನ ನಾಲಿಗೆಯನ್ನೂ ಒಡ್ಡಿದ್ದೆ. ಭಾವ ಕೈ ಮುಗಿದ. "ಬೇಡ ಮಾರಾಯಾ. ಎರಡನೇ ಗುಟುಕಿಗೆ ನೀನು ಸೀಮೆಎಣ್ಣೇಗೂ ಪದಕ ಕೊಡ್ತೀಯಾ" ಎಂದ. ಅದು ಸುಳ್ಳಲ್ಲವಾದ್ದರಿಂದ ನಾನು ನಾಲಿಗೆಯನ್ನು ವಾಪಸು ತೆಗೆದುಕೊಂಡೆ.

ಹೀಗಿರುವಾಗ ಬಾರಿನ ಯಜಮಾನರಿಗೆ ಅಳಿಯ ಬಂದ. ಅಳಿಯ ಅಲ್ಲ ಮಗಳ ಗಂಡ ಎಂಬಂತೆ, ಆತ ಮನೆಗೆ ಬಂದನೋ ಬಾರಿಗೆ ಬಂದನೋ ಎಂದು ಯಜಮಾನರಿಗೇ ಅನುಮಾನ. ಕೆಟ್ಟ ಹುಡುಗನೇನೂ ಅಲ್ಲ. ಇಸ್ತ್ರಿ ಹಾಕಿದ ಅಂಗಿ, ಇಸ್ತ್ರಿ ಹಾಕಿದ ಮಾತು. ಆತ ಎರಡು ತಿಂಗಳು ಕಟ್ಟೆಯ ಬಳಿ ನಿಂತು ಎಲ್ಲ ನೋಡಿ, ಒಂದು ದಿನ ಯಜಮಾನರ ಎದುರಿನಲ್ಲೇ ಭಾವನಿಗೆ ಹೇಳಿದ.

"ಅಣ್ಣಾ, ಬೇಜಾರು ಮಾಡ್ಕೋಬೇಡಿ. ದ್ರಾಕ್ಷಿ ಶ್ರಬ್ ಹಾಕಿದ ಲೋಟ ಅರ್ಧಕ್ಕರ್ಧ ಹಾಗೇ ವಾಪಸ್ ಬರ್ತಿದೆ. ಒಂದು ಕಂಪನಿದು ರೆಡಿ ಬಾಟ್ಲಿ ಬಂದಿದೆ. ಪ್ರತಿ ಸಲ ಒಂದೇ ರುಚಿ."

"ಪ್ರತಿ ಸಲ ಒಂದೇ ರುಚಿ ಬೇಕಾದ್ರೆ ನೀರು ಕುಡೀರಿ" ಎಂದರು ಯಜಮಾನರು. ಅವರಿಗೆ ಭಾವನ ಮೇಲಿದ್ದ ನಂಬಿಕೆ ಅಂಥದ್ದು. "ನೋಡಯ್ಯಾ, ಇದು ಬಾಯಿಮಾತಿನಲ್ಲಿ ತೀರೋದಲ್ಲ. ಮೂರು ವಾರ ಬಿಟ್ಟು ಶನಿವಾರ, ಮಧ್ಯಾಹ್ನ ಬಾಗಿಲು ಹಾಕಿರ್ತೀವಲ್ಲ, ಆಗ ಎರಡನ್ನೂ ಪಕ್ಕಪಕ್ಕ ಇಡೋಣ. ಯಾವುದು ಯಾರದು ಅಂತ ಹೇಳೋದು ಬೇಡ. ಮಣಿಕಟ್ಟು ಗೆದ್ರೆ ಆ ಕಪಾಟಿನ ಸುದ್ದಿಗೆ ಇನ್ಮೇಲೆ ಯಾರೂ ಬರಬಾರದು. ಸೋತ್ರೆ..." ಎಂದು ನಿಲ್ಲಿಸಿ ನಕ್ಕರು. ಅಂಥದ್ದು ಆಗುವುದಿಲ್ಲ ಎಂಬ ನಗು.

ಭಾವನೂ ನಕ್ಕ. ಸೋತರೆ ಆ ಹನ್ನೆರಡು ಬಾಟಲಿಗಳು ಕೆಳಗಿಳಿಯುತ್ತವೆ, ಮನೆಯ ಕಾರ್ಖಾನೆಗೆ ಬೀಗ ಬೀಳುತ್ತದೆ ಎಂಬುದನ್ನು ಯಾರೂ ಆತನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ಮಾರನೆಯ ದಿನವೇ ರಣಕಹಳೆ ಮೊಳಗಿತು. ಒಂದು ಕಿಲೋ ಕಪ್ಪು ದ್ರಾಕ್ಷಿ, ಒಂದು ಕಿಲೋ ಸಕ್ಕರೆ, ಒರಟಾಗಿ ಕುಟ್ಟಿದ ಮೆಣಸು ಹತ್ತು ಗ್ರಾಂ. ಭಾವ ದ್ರಾಕ್ಷಿಯನ್ನು ಗಾಜಿನ ಪಾತ್ರೆಯಲ್ಲಿ ಕೈಯಲ್ಲೇ ಹಿಸುಕಿದ. ಬೆರಳ ಸಂದಿಯಿಂದ ನೇರಳೆ ರಸ ಚಿಮ್ಮಿ ಗೋಡೆಯ ಕ್ಯಾಲೆಂಡರಿನ ಮೇಲೆ ಆ ಶನಿವಾರದ ಪಕ್ಕದಲ್ಲೇ ಬಿತ್ತು. ಸಕ್ಕರೆ ಬೆರೆಸಿ ಮುಚ್ಚಿ ಎರಡು ದಿನ ಫ್ರಿಜ್ಜಿನಲ್ಲಿಟ್ಟದ್ದಾಯಿತು. ಆಗೊಮ್ಮೆ ಈಗೊಮ್ಮೆ ತೆಗೆದು ಕಲಕಿದ್ದಾಯಿತು. ಸಕ್ಕರೆ ಹಣ್ಣಿನ ಜೀವವನ್ನೆಲ್ಲ ಹೀರಿ ತಾನು ಕರಗಿ ಪಾಕವಾಗಿತ್ತು. ಮೂರನೆಯ ದಿನ ಬಟ್ಟೆಯಲ್ಲಿ ಸೋಸಿ, ತೂಗಿ, ಪಾಕಕ್ಕಿಂತ ಕೊಂಚ ಕಡಿಮೆ ವಿನೆಗರ್ ಬೆರೆಸಿದ. ಅಲ್ಲಿಯವರೆಗೆ ಒಂದು ಕೂದಲಿನಷ್ಟೂ ತಪ್ಪಿಲ್ಲ. ನಾನು ಅಡಿಗೆಮನೆಯ ಸ್ಟೂಲಿನ ಮೇಲೆ ಕುಳಿತು ಸಾಕ್ಷಿಯಾಗಿದ್ದೇನೆ. ಅಲ್ಲಿಗೆ ನಿಲ್ಲಿಸಿ ಬಾಟಲಿಗೆ ತುಂಬಿ ಎಂಟು ದಿನ ಎಲ್ಲರೂ ತೀರ್ಥಯಾತ್ರೆಗೆ ಹೋಗಿಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಭಾವ ಬಾಟಲಿ ಕೈಯಲ್ಲಿ ಹಿಡಿದು ನಿಂತ. ಮಣಿಕಟ್ಟಿನ ಮೇಲೆ ಒಂದು ಹನಿ ಹಾಕಿಕೊಂಡ. ಮೂರು ಉಸಿರು. ನೆಕ್ಕಿದ. ಮುಖದಲ್ಲಿ ಏನೂ ಆಗಲಿಲ್ಲ.

"ಇವಳೇ, ಒಂದು ಚೂರು ನೋಡೇ."

"ಎಂಟು ದಿನ ಅಂತೀರಲ್ಲ ಯಾವಾಗ್ಲೂ?"

"ಆವಾಗ ಮೂಗಿತ್ತು. ಈಗಲೇ ಗೊತ್ತಾದ್ರೆ ಸರಿ ಮಾಡಬಹುದು."

ಸಂವಿಧಾನ ಬರೆದವನೇ ಮೂರನೆಯ ವಿಧಿಯನ್ನು ಹರಿದು ಹಾಕಿದ ಗಳಿಗೆ ಅದು. ನಾನು ಸ್ಟೂಲಿನಿಂದ ಏಳಬೇಕಿತ್ತು. ಎದ್ದಿದ್ದು ಕಡಲೆಬೀಜದ ಡಬ್ಬಿಗೆ.

ಅಕ್ಕ ಚಮಚದಲ್ಲಿ ಎತ್ತಿ ಬಾಯಿಗಿಟ್ಟುಕೊಂಡಳು. ಅವಳ ಒಂದು ಕಣ್ಣು ಮುಚ್ಚಿತು, ಭುಜ ಕಿವಿಗೆ ಬಂತು. "ಅಯ್ಯಯ್ಯಪ್ಪಾ! ಗಂಟಲು ಕುಯ್ಯುತ್ತೆ ರೀ. ಇದನ್ನ ಮನುಷ್ಯರು ಕುಡೀತಾರಾ?"

"ಹಣ್ಣು ಗೊತ್ತಾಗುತ್ತಾ?"

"ಹಣ್ಣೆಲ್ಲಿ ಬಂತು, ಬರೀ ಹುಳಿ."

ಪಾಪ, ಮೊದಲ ದಿನ ಎಲ್ಲ ಶ್ರಬ್ಬೂ ಹಾಗೇ. ಅದು ಭಾವನಿಗಿಂತ ಚೆನ್ನಾಗಿ ಗೊತ್ತಿದ್ದವರು ಯಾರು? ಆದರೆ ಮೂಗಿಲ್ಲದವನ ನಾಲಿಗೆಗೂ ಹಣ್ಣು ಸಿಗುವುದಿಲ್ಲ. ಉಳಿಯುವುದು ಹುಳಿ, ಸಿಹಿ, ಉಪ್ಪು, ಕಹಿ, ಮೇಲೆ ಒಂದಿಷ್ಟು ಖಾರದ ಉರಿ. ಆತನಿಗೂ ಅದು ಬರೀ ಹುಳಿಯಾಗಿಯೇ ಕಂಡಿತ್ತು. ಹೆಂಡತಿ ಹೇಳಿದ್ದು ತನ್ನ ನಾಲಿಗೆ ಹೇಳಿದ್ದಕ್ಕೆ ಸರಿಯಾಗಿ ಹೊಂದಿತು. ಇಪ್ಪತ್ತನಾಲ್ಕು ವರ್ಷದ ದಾಂಪತ್ಯದಲ್ಲಿ ಇಬ್ಬರೂ ಒಂದೇ ಅಭಿಪ್ರಾಯಕ್ಕೆ ಬಂದದ್ದು ಅದೇ ಮೊದಲು. ಆ ಐಕಮತ್ಯವೇ ಮುಳುಗಿಸಿತು. ನೂರು ಗ್ರಾಂ ಸಕ್ಕರೆ ಬಿತ್ತು.

ಎರಡು ದಿನ ಬಿಟ್ಟು ಮತ್ತೆ ಚಮಚ. "ಈಗ ವಾಸಿ. ಇನ್ನೊಂಚೂರು ಸಿಹಿ ಇದ್ರೆ ಮಕ್ಕಳೂ ಕುಡೀಬಹುದು" ಎಂದಳು ಅಕ್ಕ. ಬಾರಿಗೆ ಮಕ್ಕಳು ಬರುವುದಿಲ್ಲ ಎಂಬುದನ್ನು ಯಾರೂ ಗಮನಕ್ಕೆ ತರಲಿಲ್ಲ. ಮತ್ತೆ ಸಕ್ಕರೆ. ಇತ್ತ ಭಾವನಿಗೆ ಮಣಿಕಟ್ಟಿನ ಹನಿಯಲ್ಲಿ ಮೆಣಸಿನ ಉರಿ ಮಾತ್ರ ಸ್ವಲ್ಪ ತಾಗುತ್ತಿತ್ತು. ಕತ್ತಲ ಕೋಣೆಯಲ್ಲಿ ಗೋಡೆ ತಡವಿದವನಂತೆ ಆತ ಆ ಒಂದು ಉರಿಯನ್ನು ಹಿಡಿದುಕೊಂಡ. "ಇದು ಇದೆ. ಇದೊಂದು ಸಿಗ್ತಿದೆ" ಎಂದು ಇನ್ನೂ ಎರಡು ಚಮಚ ಮೆಣಸು ಕುಟ್ಟಿ ಹಾಕಿ, ಒಂದು ದಿನ ಬಿಟ್ಟು ಸೋಸಿದ. ಉರಿ ಹೆಚ್ಚಾಯಿತೆಂದು ಅಕ್ಕ ಸಕ್ಕರೆ ಹಾಕಿಸಿದಳು. ಸಿಹಿ ಹೆಚ್ಚಾಗಿ ಉರಿ ಸಿಗುತ್ತಿಲ್ಲವೆಂದು ಭಾವ ಮೆಣಸು ಹಾಕಿದ. ಹೀಗೆ ಗಂಡ ಹೆಂಡಿರು ಹಗ್ಗದ ಎರಡು ತುದಿ ಹಿಡಿದು ತಮ್ಮ ತಮ್ಮ ದಿಕ್ಕಿಗೆ ಎಳೆದರು. ದ್ರಾಕ್ಷಿ ನಡುವೆ ಸಿಕ್ಕಿ ಸತ್ತಿತು.

ಹದಿನೈದನೆಯ ದಿನ ಅಕ್ಕ ಚಮಚ ನೆಕ್ಕಿ, ಇನ್ನೊಂದು ಚಮಚ ತೆಗೆದುಕೊಂಡು, "ರೀ, ಅಮೃತ" ಎಂದಳು. ಆ ಮನೆಯಲ್ಲಿ ಎಂಟು ತಿಂಗಳ ನಂತರ ಅಂಥದ್ದೊಂದು ಮಾತು ಕೇಳಿಸಿತ್ತು. ಭಾವ ಬಾಟಲಿಗೆ ಚೀಟಿ ಅಂಟಿಸಿ ಹೆಬ್ಬೆರಳಿನಿಂದ ನಾಲ್ಕು ಮೂಲೆಯನ್ನೂ ಎರಡೆರಡು ಸಲ ಒತ್ತಿದ.

ಶನಿವಾರ ಮಧ್ಯಾಹ್ನ ಮೂರು ಗಂಟೆ. ಕುರ್ಚಿಗಳು ಮೇಜಿನ ಮೇಲೆ ಕಾಲು ಮೇಲೆ ಮಾಡಿ ಮಲಗಿದ್ದವು. ನೆಲ ಒರೆಸಿದ ತೇವ ಇನ್ನೂ ಆರಿರಲಿಲ್ಲ. ನ್ಯಾಯಪೀಠದಲ್ಲಿ ಮೂವರು: ಯಜಮಾನರು, ಅಳಿಯ, ಮತ್ತು ಇಪ್ಪತ್ತು ವರ್ಷದಿಂದ ಮೂರನೆಯ ಮೇಜನ್ನು ಬಿಟ್ಟು ಕದಲದ ಹಲ್ಲಿನ ಡಾಕ್ಟರು. ಸಂಬಂಧಿಕನಾದ ನನಗೆ ಮತದಾನದ ಹಕ್ಕಿಲ್ಲ. ಲೋಟ ಹೊರುವ ಕೆಲಸ.

ಭಾವ ಕಟ್ಟೆಯ ಹಿಂದೆ ನಿಂತು ಎರಡು ಬಗೆಯನ್ನೂ ಒಂದೇ ಅಳತೆಯಲ್ಲಿ ಬೆರೆಸಿದ. ನಲವತ್ತೈದು ಎಂ.ಎಲ್. ಜಿನ್, ಇಪ್ಪತ್ತು ಶ್ರಬ್, ಮಂಜುಗಡ್ಡೆ, ಮೇಲೆ ಸೋಡಾ. ಕಂಪನಿಯ ಬಾಟಲಿಗೂ ತನ್ನ ಬಾಟಲಿಗೂ ಹೆಚ್ಚು ಕಡಿಮೆ ಮಾಡಲಿಲ್ಲ. ಯುದ್ಧದಲ್ಲೂ ಧರ್ಮ ಬಿಡದ ವೀರ. ನಾನು ಲೋಟಗಳ ತಳಕ್ಕೆ ಚೀಟಿ ಅಂಟಿಸಿ, ಪರದೆಯ ಹಿಂದೆ ಅದಲುಬದಲು ಮಾಡಿ, ಪ್ರತಿಯೊಬ್ಬರ ಮುಂದೆ ಎರಡೆರಡು ಇಟ್ಟೆ. ಎಲ್ಲರಿಗೂ ಎಡಕ್ಕೆ ಒಂದೇ ಬಗೆ, ಬಲಕ್ಕೆ ಇನ್ನೊಂದು. ಭಾವನಿಗೂ ಎರಡು.

ಮೊದಲು ಡಾಕ್ಟರು. ಎಡದ್ದನ್ನು ಕುಡಿದು ತಲೆ ಆಡಿಸಿದರು. ಬಲದ್ದನ್ನು ಕುಡಿದು ಸ್ವಲ್ಪ ಹೊತ್ತು ನಾಲಿಗೆಯನ್ನು ಹಲ್ಲಿನ ಮೇಲೆ ಓಡಿಸಿದರು. "ಈ ಬಲಗಡೇದು ನನ್ನ ವೃತ್ತಿಗೆ ತುಂಬಾ ಅನುಕೂಲ. ವಾರಕ್ಕೆ ಎರಡು ಕುಡಿದ್ರೆ ಸಾಕು, ನನ್ನ ಮಗಳ ಮದುವೆ ಆಗುತ್ತೆ."

ಯಜಮಾನರು ಗಟ್ಟಿಯಾಗಿ ನಕ್ಕು ಬಲಗಡೆಯದಕ್ಕೆ ಕೈ ಹಾಕಿದರು. ಒಂದು ಗುಟುಕು. ಲೋಟ ದೂರ ತಳ್ಳಿದರು. "ಅಳಿಯಂದಿರೇ, ಇದೇನಾ ನಿಮ್ಮ ಕಂಪನಿ ಮಾಲು? ನೆಗಡಿಗೆ ಕೊಡೋ ಔಷಧಿ ಇದ್ದಂಗಿದೆಯಲ್ರೀ! ಸಕ್ಕರೆ ಸುರಿದು, ಮೇಲೆ ಖಾರ ಹಾಕಿ, ಛೇ." ಎಡಗಡೆಯದನ್ನು ಕುಡಿದರು. ಇನ್ನೊಮ್ಮೆ ಕುಡಿದರು. "ನೋಡಿ, ಇದು! ಹುಳಿ ಇದೆ, ಹಣ್ಣಿದೆ. ಜಿನ್ನೂ ಇದೆ, ಎಲ್ಲೂ ಓಡಿಹೋಗಿಲ್ಲ. ಇದಯ್ಯಾ ನಮ್ಮ ಮಣಿಕಟ್ಟು!" ಎಂದು ಮೇಜು ಗುದ್ದಿ, ವಿಜಯಪತಾಕೆಯಂತೆ ಆ ಲೋಟವನ್ನೆತ್ತಿ ತಳ ನೋಡಿದರು.

ನೋಡುತ್ತಲೇ ಇದ್ದರು. ಕನ್ನಡಕ ಹಾಕಿಕೊಂಡು ನೋಡಿದರು. ಚೀಟಿಯಲ್ಲಿ ಕಂಪನಿ ಎಂದಿತ್ತು, ನನ್ನದೇ ಅಕ್ಷರ.

ಅಳಿಯ ಗೆದ್ದಿದ್ದ. ಆದರೆ ಗೆದ್ದವನ ಮುಖ ಅಷ್ಟು ಸಣ್ಣಗಾಗಿದ್ದನ್ನು ನಾನು ನೋಡಿಲ್ಲ. "ಚೀಟಿ ಏನಾದ್ರೂ ತಪ್ಪಾಗಿ..." ಎಂದು ನನ್ನ ಕಡೆ ತಿರುಗಿದ.

"ಹಾಂ, ಇವನು ತಪ್ಪು ಅಂಟಿಸಿರ್ತಾನೆ" ಎಂದರು ಯಜಮಾನರು ಆಸೆಯಿಂದ. "ಅಯ್ಯಾ ಮಣಿಕಟ್ಟು, ನಿನ್ನ ಮಾಲು ಯಾವುದು ಅಂತ ನೀನೇ ಹೇಳು. ನೀನು ಹೇಳಿದ್ದೇ ಕೊನೇ ಮಾತು."

ಆತನಿಗೆ ತೆರೆದುಕೊಟ್ಟ ಬಾಗಿಲು ಎಷ್ಟು ಅಗಲವಾಗಿತ್ತು ನೋಡಿ. "ಎಡಗಡೇದು" ಎಂದುಬಿಟ್ಟರೆ ಮುಗಿಯುತ್ತಿತ್ತು. ಯಜಮಾನರು ನಂಬುತ್ತಿದ್ದರು, ಅಳಿಯ ಸಂತೋಷದಿಂದ ಸೋಲುತ್ತಿದ್ದ, ಚೀಟಿ ತಪ್ಪು ಅಂಟಿಸಿದ ಪಾಪವನ್ನು ನಾನು ಮೈಮೇಲೆ ಹಾಕಿಕೊಳ್ಳುತ್ತಿದ್ದೆ. ನನಗೆ ಅಂಥ ಪಾಪಗಳು ಹೊಸದಲ್ಲ. ಭಾವ ಎಡದ ಲೋಟದಿಂದ ಮಣಿಕಟ್ಟಿಗೆ ಒಂದು ಹನಿ ಹಾಕಿಕೊಂಡ. ಬಲದ ಲೋಟದಿಂದ ಅದರ ಪಕ್ಕದಲ್ಲಿ ಇನ್ನೊಂದು. ಮೂರು ಉಸಿರು. ಕಣ್ಣು ಮುಚ್ಚಿದ. ಡಾಕ್ಟರು ಹಲ್ಲಿಗೆ ಹತ್ತಿದ್ದ ನಾಲಿಗೆಯನ್ನು ಕೆಳಗಿಳಿಸಿದರು. ಎರಡನ್ನೂ ನೆಕ್ಕಿ ಭಾವ ಕಣ್ಣು ಬಿಟ್ಟ.

"ಒಂದು ಸಿಹಿ ಜಾಸ್ತಿ. ಇನ್ನೊಂದು ಹುಳಿ ಜಾಸ್ತಿ. ಸಿಹಿ ಇರೋದು ನಂದಿರಬೇಕು, ಮನೇಲಿ ಸಕ್ಕರೆ ಖಾಲಿಯಾಗಿದೆ" ಎಂದ. ಆಮೇಲೆ, "ಎಂಟು ತಿಂಗಳಾಯ್ತು ಸಾರ್, ನನಗೆ ವಾಸನೆ ಬರಲ್ಲ" ಎಂದ.

ಯಜಮಾನರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ಗಡಿಬಿಡಿಯಲ್ಲಿ ಎಲ್ಲ ಒಟ್ಟಿಗೇ ಹೇಳಿದರು. "ಅದಕ್ಕೇನಂತೆ, ನಾನಿಲ್ವಾ? ನೀನು ಮಾಡು, ನಾನು ರುಚಿ ನೋಡ್ತೀನಿ. ಡಾಕ್ಟರು ನೋಡ್ತಾರೆ. ಏನ್ರೀ ಡಾಕ್ಟ್ರೇ?"

"ಹಲ್ಲಿರೋವರೆಗೆ" ಎಂದರು ಡಾಕ್ಟರು. 

"ಆಗಲ್ಲ ಸಾರ್" ಎಂದ ಭಾವ. "ಹಣ್ಣು ತರುವಾಗಲೇ ಮೂಸಿ ತರಬೇಕು. ಹಿಸುಕುವಾಗ ಗೊತ್ತಾಗ್ಬೇಕು, ದಾಲ್ಚಿನ್ನಿ ಒಲೆಯಿಂದ ಇಳಿಸೋ ಗಳಿಗೆ ಗೊತ್ತಾಗ್ಬೇಕು. ಬಾಟ್ಲಿಗೆ ಬಂದ ಮೇಲೆ ನೀವು ಚೆನ್ನಾಗಿಲ್ಲ ಅಂದ್ರೆ ನಾನೇನು ಮಾಡ್ಲಿ? ಎಲ್ಲಿ ಕೆಟ್ಟಿತು ಅಂತ ನನಗೆ ಗೊತ್ತಾಗಲ್ಲ, ನಿಮಗೂ ಗೊತ್ತಾಗಲ್ಲ."

 ಅಳಿಯ ಒಂದು ರಟ್ಟಿನ ಪೆಟ್ಟಿಗೆ ತಂದ. ತಾನೇ ಕಪಾಟಿನಿಂದ ಇಳಿಸಲು ಹೋದವನನ್ನು ಭಾವ ತಡೆದು, "ನೀವು ಬಿಡಿ, ಕೆಳಗಡೆ ಅಂಟಿರುತ್ತೆ, ಅಂಗಿಗಾಗುತ್ತೆ" ಎಂದು ಹನ್ನೆರಡನ್ನೂ ಒಂದೊಂದಾಗಿ ಪೇಪರಿನಲ್ಲಿ ಸುತ್ತಿ ಜೋಡಿಸಿದ.

ಪೆಟ್ಟಿಗೆ ಹೊತ್ತು ಮನೆಗೆ ಬಂದೆವು. ಅಕ್ಕ ಬಾಗಿಲಲ್ಲೇ ಇದ್ದಳು. ಪೆಟ್ಟಿಗೆಯೊಳಗೆ ಗಾಜಿನ ಸದ್ದು ಕೇಳಿದ ಮೇಲೆ ಅವಳಿಗೆ ಹೇಳುವುದೇನೂ ಉಳಿದಿರಲಿಲ್ಲ. ಆದರೂ ಕೇಳಿದಳು. "ಏನಂದ್ರು?"

"ಅವರದ್ದು ಚೆನ್ನಾಗಿತ್ತಂತೆ."

"ನಮ್ಮದು?"

ನಾನು ಬಾಯಿ ತೆರೆದೆ. ಭಾವ ನನ್ನ ಕಾಲು ತುಳಿದ; ಹೊತ್ತ ಪೆಟ್ಟಿಗೆಯ ತೂಕವನ್ನೂ ಸೇರಿಸಿ ತುಳಿದ.

"ನಮ್ಮದೂ ಚೆನ್ನಾಗಿತ್ತು. ಸೋಡಾ ಗ್ಯಾಸ್ ಹೋಗಿತ್ತು" ಎಂದ.

ಅಕ್ಕ ನಂಬಿದಳೋ ಇಲ್ಲವೋ. ಒಳಗೆ ಹೋದಳು. ಸಕ್ಕರೆ ಡಬ್ಬಿಯನ್ನು ಎತ್ತಿ ನೋಡಿ, ಹಾಗೇ ಮೇಲಿನ ಅಟ್ಟದ ಹಲಗೆಗೆ ಇಟ್ಟಳು. "ನಾನು ಕುಡಿಯೋಳಲ್ಲ ರೀ. ಕುಡಿಯೋರ ಬಾಯಿಗೆ ಹೇಗಿರುತ್ತೆ ಅಂತ ನನಗೇನು ಗೊತ್ತು? ನೀವೇ ಹೇಳ್ಬೇಕಿತ್ತು" ಎಂದಳು ಬೆನ್ನು ಹಾಕಿಕೊಂಡೇ. ಭಾವ ಬಾಟಲಿಗಳನ್ನು ಒಂದೊಂದೇ ಬಚ್ಚಲ ತೂಬಿಗೆ ಬಗ್ಗಿಸುತ್ತಿದ್ದ. ಮನೆಯೆಲ್ಲ ದ್ರಾಕ್ಷಿ, ಶುಂಠಿ, ಕಿತ್ತಳೆ, ದಾಲ್ಚಿನ್ನಿಗಳ ವಾಸನೆ ತುಂಬಿ ನನಗೆ ತಲೆ ತಿರುಗುವಂತಾಯಿತು. ಅಕ್ಕ ಸೆರಗನ್ನು ಮೂಗಿಗೆ ಹಿಡಿದಳು, ಕಣ್ಣಿಗೂ ಹಿಡಿದಳು. ಆ ಮನೆಯಲ್ಲಿ ಅದು ತಾಗದಿದ್ದವನು ಒಬ್ಬನೇ.

ಫ್ರಿಜ್ಜಿನ ಮೂರು ಅಂತಸ್ತೂ ಈಗ ಅಕ್ಕನ ವಶದಲ್ಲಿವೆ. ಅಷ್ಟು ಜಾಗಕ್ಕೆ ಏನಿಡುವುದೆಂದು ಅವಳಿಗೆ ಗೊತ್ತಿಲ್ಲ. ಹಾಲಿನ ಪಾತ್ರೆ ಮಧ್ಯದಲ್ಲಿ ಒಂಟಿಯಾಗಿ ಕುಳಿತಿದೆ. ಬೆಳಗಿನ ಸೀಸೆಗಳನ್ನು ಭಾವ ಇನ್ನೂ ಮೂಸುತ್ತಾನೆ. ಅಕ್ಕ ಬಾಗಿಲಲ್ಲಿ ನಿಂತು ಕೇಳುವುದನ್ನು ನಿಲ್ಲಿಸಿದ್ದಾಳೆ.

ಕಳೆದ ವಾರ ನಾನು ಬಾರಿಗೆ ಹೋಗಿದ್ದೆ. ಕಪಾಟಿನಲ್ಲಿ ಕಂಪನಿಯ ಬಾಟಲಿಗಳು ಕವಾಯತಿಗೆ ನಿಂತ ಪೊಲೀಸರಂತೆ ನಿಂತಿದ್ದವು. ಪ್ರತಿಯೊಂದರ ತಲೆಯ ಮೇಲೂ ಕೈತೊಳೆಯುವ ಸೋಪಿನ ಬಾಟಲಿಗಿರುವಂಥ ಒತ್ತುವ ಪಂಪು. ಭಾವ ನನಗೊಂದು ಜಿನ್ ಬೆರೆಸುತ್ತಿದ್ದ. ನನ್ನೊಳಗಿನ ಭಾಷಣಕಾರ ಎದ್ದ. ಏನಾದರೂ ದೊಡ್ಡದು ಹೇಳಲೇಬೇಕೆನ್ನಿಸಿತು.

"ಭಾವಾ, ಒಂದು ಯುಗ ಮುಗೀತು. ಇಪ್ಪತ್ತನಾಲ್ಕು ವರ್ಷದ ವಿದ್ಯೆ, ಇಡೀ ಊರನ್ನ ಆಳಿದ ಮೂಗು. ಕತ್ತಿ ಕಿತ್ಕೊಂಡು ಕೈಗೆ ಪೊರಕೆ ಕೊಟ್ಟ ಹಾಗಾಯ್ತಲ್ಲ. ಆ ಪಂಪನ್ನ ಒತ್ತುವಾಗ ನಿಮಗೆ ಒಳಗೆ ಏನನ್ನಿಸುತ್ತೆ? ನಿಜ ಹೇಳಿ."

ಭಾವ ಲೋಟವನ್ನು ಬೆಳಕಿಗೆ ಹಿಡಿದ, ಪಂಪಿನ ಕೆಳಗಿಟ್ಟ, ಒತ್ತಿದ, ಮತ್ತೆ ಒತ್ತಿದ. ಪಂಪಿನ ಮೂತಿಗೆ ಅಂಟಿದ್ದನ್ನು ಬಟ್ಟೆಯಲ್ಲಿ ಒರೆಸಿದ.

"ಎರಡು ಸಲ ಒತ್ತಿದ್ರೆ ಇಪ್ಪತ್ತು ಎಂ.ಎಲ್." ಎಂದ.